ಎರ್ರಮ್ಮನ ಐದು ಖಾನೆಯ ಸಂಚಿ

ಅಧಿಕ ಮಾಸದ ಹೆಸರೆತ್ತಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಂದ್ರನ ಲೆಕ್ಕಕ್ಕೂ ಸೂರ್ಯನ ಲೆಕ್ಕಕ್ಕೂ ತಾಳೆ ಬೀಳುವುದಿಲ್ಲವಂತೆ, ಅದಕ್ಕೆ ಮೂರು ವರ್ಷಕ್ಕೊಮ್ಮೆ ಪಂಚಾಂಗದಲ್ಲಿ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರಂತೆ. ಸೇರಿಸಿಕೊಳ್ಳಲಿ, ಯಾರು ಬೇಡವೆಂದರು? ಆದರೆ ಆ ತಿಂಗಳು ಮಗಳನ್ನೂ ಅಳಿಯನನ್ನೂ ಮನೆಗೆ ಕರೆದು, ಅಳಿಯನಿಗೆ ಮೂವತ್ತಮೂರು ಹೋಳಿಗೆ, ಬಟ್ಟೆ, ದೀಪ ಇಟ್ಟು ಬಾಗಿನ ಕೊಡಬೇಕೆಂದು ಬರೆದವನು ಹೆಣ್ಣು ಹೆತ್ತವನಂತೂ ಅಲ್ಲ. ನಮ್ಮ ಕಡೆ ಈ ಪದ್ಧತಿ ಇಲ್ಲ. ನಮ್ಮ ಪಕ್ಕದ ಮನೆಯ ಎರ್ರಮ್ಮನ ಕಡೆ ಇದೆ.

ನಾನು ಅನುಸೂಯಾ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಬ್ಲೌಸು ಹೊಲಿಯುತ್ತೇನೆ. ನನ್ನ ಮಷೀನು ಇರುವ ಕಿಟಕಿಯಿಂದ ಎರ್ರಮ್ಮನ ಒಲೆ ಕಾಣುತ್ತದೆ. ಆಕೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ನಾನು ಮಷೀನು ತುಳಿಯುವ ಸದ್ದು, ಆಕೆ ರೊಟ್ಟಿ ಬಡಿಯುವ ಸದ್ದು, ಇಷ್ಟರಲ್ಲೇ ನಮ್ಮಿಬ್ಬರ ಹದಿನೈದು ವರ್ಷ ಹೋಗಿದೆ. ಆಕೆಯ ಗಂಡ ಗಾದಿಲಿಂಗಪ್ಪ ಸಂಡೂರಿನ ಹತ್ತಿರದ ಅದಿರಿನ ಯಾರ್ಡಿನಲ್ಲಿ ಲಾರಿಗಳನ್ನು ತೂಕಕ್ಕೆ ನಿಲ್ಲಿಸಿ ಚೀಟಿ ಕೊಡುವ ಕೆಲಸದವನು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಕೆಂಪು ಧೂಳು ಮೆತ್ತಿಕೊಂಡು ಬರುತ್ತಾನೆ. ಮಾತು ಕಮ್ಮಿ. ದಿನವಿಡೀ ಪರರ ಭಾರ ತೂಗಿ ತೂಗಿ ಬಾಯಿ ಬತ್ತಿಹೋಗಿರಬೇಕು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕಾವ್ಯ, ಚಿಕ್ಕವಳು ಪಲ್ಲವಿ.

ಮೊದಲು ಆ ಮನೆಯಲ್ಲಿ ಜೂನ್ ತಿಂಗಳೆಂದರೆ ಸಾವಿನ ಮನೆಯ ಕಳೆ. ಶಾಲೆಯ ಫೀಸು ಕಟ್ಟಲು ಎರ್ರಮ್ಮ ಪ್ರತಿ ವರ್ಷ ಬೆಂಡೋಲೆ ಅಡ ಇಡುತ್ತಿದ್ದಳು. ಅದನ್ನು ಬಿಡಿಸಿಕೊಳ್ಳುವ ಹೊತ್ತಿಗೆ ದೀಪಾವಳಿ ಬರುತ್ತಿತ್ತು. ದೀಪಾವಳಿಯ ಸಾಲ ತೀರಿತು ಅನ್ನುವಷ್ಟರಲ್ಲಿ ಗಾದಿಲಿಂಗಪ್ಪನ ವಿಮೆಯ ಕಂತು. ಎಲ್ಲವೂ ಪ್ರತಿ ವರ್ಷ ಅದೇ ಹೊತ್ತಿಗೆ ಬರುವಂಥವು, ಆದರೂ ಪ್ರತಿ ವರ್ಷ ಕಳ್ಳ ನುಗ್ಗಿದ ಹಾಗೆ ಗಾಬರಿ.

ಎರಡು ಸಾವಿರದ ಇಪ್ಪತ್ತೆರಡರ ದೀಪಾವಳಿಯ ಮುಂಚೆ ನಮ್ಮ ಮಹಿಳಾ ಸಂಘದ ಸಭೆಗೆ ಸಂಘಮಿತ್ರಾ ಎಂಬ ಹುಡುಗಿ ಬಂದಳು. ಹಣಕಾಸಿನ ತಿಳಿವಳಿಕೆ ಕೊಡಲು ಬ್ಯಾಂಕಿನವರು ಕಳಿಸಿದವಳು. ಚಿಕ್ಕ ವಯಸ್ಸು, ಆದರೆ ನಮ್ಮನ್ನು ದಡ್ಡರ ಹಾಗೆ ನೋಡಲಿಲ್ಲ, ಅದೇ ದೊಡ್ಡದು. ಎರ್ರಮ್ಮನನ್ನೇ ಎಬ್ಬಿಸಿ ನಿಲ್ಲಿಸಿ ಕೇಳಿದಳು.

"ಅಮ್ಮಾರ, ವಿಮೆ ಕಂತು ಯಾವಾಗ ಬರ್ತೈತ್ರಿ?"

"ಫೆಬ್ರವರಿಯಾಗ್ರಿ. ಏಳು ಸಾವಿರದಿನ್ನೂರು."

"ಇವತ್ತಿಂದ ಅಲ್ಲೀತನಕ ಯಜಮಾನ್ರ ಪಗಾರ ಎಷ್ಟು ಸಲ ಆಗ್ತೈತಿ?"

ಎರ್ರಮ್ಮ ಬೆರಳು ಮಡಚಿದಳು. ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ ಒಂದನೇ ತಾರೀಕಿನದು. ನಾಲ್ಕು.

"ಹಂಗಾದ್ರ ನಾಲ್ಕರಿಂದ ಭಾಗಿಸ್ರಿ. ಪಗಾರ ಬಂದ ದಿನಾನ ಸಾವಿರದ ಎಂಟುನೂರು ಬ್ಯಾರೆ ತೆಗೆದಿಡ್ರಿ. ಈ ಸಲ ಭಾರ ಅನಿಸ್ತೈತಿ, ಯಾಕಂದ್ರ ತಡಾಗಿ ಶುರು ಮಾಡೀರಿ. ಒಮ್ಮೆ ಕಟ್ಟಿದ ಮ್ಯಾಲ ಮುಂದಿಂದಕ್ಕ ಹನ್ನೆರಡು ಪಗಾರ ಸಿಗ್ತಾವ. ತಿಂಗಳಿಗೆ ಬರೇ ಆರುನೂರು. ಫೀಸಿಗೂ ಹಿಂಗ, ಹಬ್ಬಕ್ಕೂ ಹಿಂಗ. ಒಂದರ ರೊಕ್ಕ ಇನ್ನೊಂದಕ್ಕ ಮುಟ್ಟಬ್ಯಾಡ್ರಿ, ಅಷ್ಟ."

ಇಷ್ಟೇ ವಿದ್ಯೆ. ನಾವು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಇದು ನಮಗೆ ಯಾಕೆ ಹೊಳೆದಿರಲಿಲ್ಲ ಎಂದು. ಕೊನೆಗೆ ಆ ಹುಡುಗಿ ಇನ್ನೊಂದು ಮಾತು ಕೇಳಿದಳು. "ವರ್ಷ ಅಲ್ಲ, ಎರಡು ವರ್ಷಕ್ಕ, ಮೂರು ವರ್ಷಕ್ಕ ಒಮ್ಮೆ ಬರೋ ಖರ್ಚು ಏನಾರ ಅದಾವೇನ್ರಿ? ಅವನ್ನೂ ತಿಂಗಳ ಲೆಕ್ಕಕ್ಕ ಒಡೀಬೇಕ್ರಿ, ಅವ ಭಾಳ ಮೋಸ ಮಾಡ್ತಾವ." ಎರ್ರಮ್ಮ ಯೋಚಿಸಿ, "ನಮಗ ಅಂಥಾದ್ದೇನಿಲ್ರಿ" ಅಂದಳು. ಸುಳ್ಳೇನಲ್ಲ. ಆಗ ಮನೆಗೆ ಅಳಿಯನೇ ಬಂದಿರಲಿಲ್ಲ.

ಮರುದಿನ ನನ್ನ ಹತ್ತಿರ ಬಂದು, "ನಮ್ಮವ್ವನ ಎಲಿ ಅಡಿಕಿ ಸಂಚಿ ನೋಡೀಯಲ್ಲ, ಹಂಗ ಒಂದು ಹೊಲಿದು ಕೊಡು. ಐದು ಖಾನಿ ಇರ್ಲಿ" ಅಂದಳು. ಎಲೆಗೊಂದು, ಅಡಿಕೆಗೊಂದು, ಸುಣ್ಣಕ್ಕೊಂದು ಎಂದು ಖಾನೆ ಮಾಡಿ, ಸುತ್ತಿ ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಂಚಿ ಅದು, ಹಳೆಯ ಹೆಂಗಸರದು.

"ಹಣಾನ ಬ್ಯಾಂಕಿನಾಗ ಇಡಬಾರದೇನಕ್ಕ? ಕಳ್ಳಕಾಕರ ಕಾಲ ಇದು" ಅಂದೆ.

"ಬ್ಯಾಂಕಿನಾಗ ರೊಕ್ಕಕ್ಕ ಹೆಸರು ಇರಂಗಿಲ್ಲವ್ವ. ಎಲ್ಲಾ ಒಂದ ರಾಶಿ. ರಾಶಿ ಕಂಡ್ರ ಕೈ ಸುಮ್ನ ಇರಂಗಿಲ್ಲ."

ಮಾತು ಸರಿಯೇ. ಬ್ಲೌಸಿನ ಉಳಿದ ತುಂಡುಗಳಲ್ಲಿ ಐದು ಬಣ್ಣದ ಐದು ಖಾನೆ ಹೊಲಿದೆ. ಕೆಂಪು ದೀಪಾವಳಿಗೆ, ಹಳದಿ ನಾಗರಪಂಚಮಿಗೆ, ಬಿಳಿ ವಿಮೆಗೆ, ಕಂದು ವರ್ಷದ ಜೋಳಕ್ಕೆ. ಸುಗ್ಗಿಯಲ್ಲಿ ಒಟ್ಟಿಗೆ ಕೊಂಡರೆ ಜೋಳ ಅಗ್ಗ, ರೊಟ್ಟಿಯವಳಿಗೆ ಅದು ಬೇಕೇ ಬೇಕು. ಐದನೆಯದು ಎಲ್ಲಕ್ಕಿಂತ ಅಗಲ, ಹಸಿರು, ಪಲ್ಲವಿಯ ಓದಿಗೆ. ಅದರ ಮೇಲೆ ದಾರದಲ್ಲಿ "ಪ" ಎಂದು ಕಸೂತಿ ಹಾಕಿದೆ. ಎರ್ರಮ್ಮನ ಕಣ್ಣು ಅರಳಿತು. ಕಾವ್ಯ ಆಗಲೇ ಡಿಗ್ರಿ ಬಿಟ್ಟು ಮನೆಯಲ್ಲಿ ಕೂತಿದ್ದಳು, ಅವಳಿಗೆ ಖಾನೆ ಬೇಕಾಗಲಿಲ್ಲ.

ಮೊದಲ ವರ್ಷ ಆ ಮನೆಯವರು ಕುತ್ತಿಗೆ ಹಿಚುಕಿಸಿಕೊಂಡ ಹಾಗೆ ಬದುಕಿದರು. ಕೊಡಬೇಕಾದ ದಿನಗಳು ಹತ್ತಿರ, ಭಾಗಿಸುವ ತಿಂಗಳು ಕಮ್ಮಿ. ಸಾರಿಗೆ ಬೇಳೆ ತೇಲಿಸುತ್ತಿದ್ದಳು ಎರ್ರಮ್ಮ. ಆಮೇಲೆ ನೋಡಿ, ಫೆಬ್ರವರಿ ಬಂತು, ಬಿಳಿ ಖಾನೆ ಬಿಚ್ಚಿದಳು, ಕಟ್ಟಿದಳು, ಮುಗಿಯಿತು. ಜೂನ್ ಬಂತು, ಹಸಿರು ಖಾನೆ ಬಿಚ್ಚಿದಳು. ಬೆಂಡೋಲೆ ಕಿವಿಯಲ್ಲೇ ಇತ್ತು. ಅವತ್ತು ನನ್ನ ಮನೆಗೆ ಸಕ್ಕರೆ ತಂದು ಬಾಯಿಗೆ ಹಾಕಿ, "ಜೂನ್ ತಿಂಗಳಾಗ ನಾನು ನಿದ್ದಿ ಮಾಡಿದ್ದು ಇದ ಮೊದಲು" ಅಂದಳು.

ಆ ವರ್ಷವೇ ಅಧಿಕ ಮಾಸ ಬಂದಿತ್ತು, ಎರಡು ಸಾವಿರದ ಇಪ್ಪತ್ತಮೂರರಲ್ಲಿ. ಎರ್ರಮ್ಮನಿಗೆ ಅದರಿಂದ ಲಾಭವೇ ಆಯಿತು. ಹೇಗೆ ಅಂದರೆ, ಅಧಿಕ ಮಾಸ ಬಂದ ವರ್ಷ ಅದರ ಮುಂದಿನ ಹಬ್ಬಗಳೆಲ್ಲ ತಡ. ಹಿಂದಿನ ದೀಪಾವಳಿ ಅಕ್ಟೋಬರ್ ಕೊನೆಗೆ ಆಗಿತ್ತು, ಈ ಸಲದ್ದು ನವೆಂಬರಿಗೆ ಹೋಯಿತು. ನಡುವೆ ಹನ್ನೆರಡಲ್ಲ, ಹದಿಮೂರು ಪಗಾರ. ದೀಪಾವಳಿಗೆ ಆಕೆ ಇಡುತ್ತಿದ್ದದ್ದು ಹದಿನೈದು ಸಾವಿರದ ಆರುನೂರು, ನಾಲ್ವರ ಬಟ್ಟೆ, ಎಣ್ಣೆ, ಬೆಲ್ಲ ಎಲ್ಲ ಸೇರಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸಾವಿರದ ಮುನ್ನೂರು, ಹದಿಮೂರರಿಂದ ಸಾವಿರದಿನ್ನೂರು. ಕ್ಯಾಲೆಂಡರ್ ಹಿಡಿದುಕೊಂಡು ಓಡಿ ಬಂದಳು. "ಅನುಸೂಯಾ, ದೇವ್ರು ನನಗ ಒಂದು ಪಗಾರ ಹೆಚ್ಚಿಗಿ ಕೊಟ್ಟಾನ!" ಅಂದಿನಿಂದ ಅಧಿಕ ಮಾಸ ಆಕೆಗೆ ತವರಿನ ಅಣ್ಣ ಇದ್ದ ಹಾಗೆ. ಬಂದರೆ ಏನೋ ತರುತ್ತದೆ.

ಮಾರನೆಯ ವರ್ಷ ಕಾವ್ಯಳ ಮದುವೆಯಾಯಿತು. ಗಂಡು ತಿಪ್ಪೇಶ್, ಕಂಪ್ಲಿಯವನು. ಅಕ್ಕಿ ಗಿರಣಿಯಲ್ಲಿ ಪಾಲು ಇದ್ದ ಮನೆತನ, ಮೂವರು ಅಣ್ಣತಮ್ಮಂದಿರಲ್ಲಿ ಕೊನೆಯವನು. ಎರ್ರಮ್ಮನ ಬೆಂಡೋಲೆ ಕಾವ್ಯಳ ಕಿವಿಗೆ ಹೋಯಿತು, ಸಂಘದಲ್ಲಿ ಸಾಲವಾಯಿತು. "ಇಷ್ಟು ದೊಡ್ಡ ಮನಿಗೆ ಕೊಡ್ತೀಯಲ್ಲಕ್ಕ, ಆಮ್ಯಾಲ ಅವರಿಗೆ ಸರಿಸಮ ನಡಕೊಳ್ಳಾಕ ಆಗ್ತೈತಾ?" ಎಂದು ನಾನು ಬಾಯಿ ಬಿಟ್ಟಿದ್ದಕ್ಕೆ ಒಂದು ವಾರ ಮುಖ ಊದಿಸಿಕೊಂಡಿದ್ದಳು. ತಿಪ್ಪೇಶ್ ಕೆಟ್ಟ ಹುಡುಗನಲ್ಲ. ಮೆತ್ತಗಿನವನು. ಮೆತ್ತಗಿನವರ ತೊಂದರೆ ಏನೆಂದರೆ ಮನೆಯಲ್ಲಿ ಯಾರು ಗಟ್ಟಿಯಾಗಿ ಮಾತಾಡುತ್ತಾರೋ ಅವರದೇ ನಡೆಯುತ್ತದೆ. ಆ ಮನೆಯಲ್ಲಿ ಗಟ್ಟಿಯಾಗಿ ಮಾತಾಡುವವಳು ಅವನ ತಾಯಿ.

ಇನ್ನು ಪಲ್ಲವಿ. ಬಾಯಿ ಜೋರು, ಕೈ ಚುರುಕು, ನನ್ನ ಮಷೀನಿನ ಮೇಲೆ ಕೂತು ಆಟಕ್ಕೆ ಎಂಬಂತೆ ಹೊಲಿಗೆ ಕಲಿತವಳು. ನನಗೆ ಸಕ್ಕರೆ ಕಾಯಿಲೆ, ಆಗಾಗ ಆಸ್ಪತ್ರೆಗೆ ಹೋಗುವಾಗ ಜೊತೆಗೆ ಬರುತ್ತಿದ್ದಳು. ಅಲ್ಲಿ ನರ್ಸುಗಳು ಸೂಜಿ ಹಾಕುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. "ಆಂಟಿ, ಆಕಿ ರಕ್ತನಾಳ ಹುಡುಕಾಕ ಬರಂಗಿಲ್ಲ, ಸುಮ್ನ ಚುಚ್ಚಾಕತ್ಯಾಳ" ಎಂದು ಕಿವಿಯಲ್ಲಿ ಹೇಳಿ ನನ್ನನ್ನು ನಗಿಸುತ್ತಿದ್ದಳು. ಸರ್ಕಾರಿ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನ ತಗೊಂಡಳು. ಮುಂದೆ ನರ್ಸಿಂಗ್, ಬೇರೆ ಮಾತೇ ಇಲ್ಲ.

ಊರಿನದೊಂದು ಖಾಸಗಿ ನರ್ಸಿಂಗ್ ಕಾಲೇಜಿಗೆ ತಾಯಿ ಮಗಳು ಒಂದು ವರ್ಷ ಮುಂಚೆಯೇ ಹೋಗಿ ವಿಚಾರಿಸಿಕೊಂಡು ಬಂದರು. ಸೀಟು ಹಿಡಿಯಲು ಮೊದಲ ಕಂತು ನಲವತ್ತೆರಡು ಸಾವಿರ, ಜೂನ್ ಹತ್ತರೊಳಗೆ. ಎರ್ರಮ್ಮ ಜುಲೈ ಒಂದನೆಯ ಪಗಾರದಿಂದ ಶುರು ಮಾಡಿದಳು. ಮುಂದಿನ ಜೂನ್ ಒಂದರವರೆಗೆ ಹನ್ನೆರಡು ಪಗಾರ. ತಿಂಗಳಿಗೆ ಮೂರೂವರೆ ಸಾವಿರ. ಸಂಘದ ಸಾಲದ ಕಂತು ಬೇರೆ. ಗಾದಿಲಿಂಗಪ್ಪ ಸಂಜೆಯ ಚಹಾ ಬಿಟ್ಟ. ಎರ್ರಮ್ಮ ಇನ್ನೊಂದು ಖಾನಾವಳಿ ಹಿಡಿದಳು. ರೊಟ್ಟಿ ಬಡಿಯುವ ಸದ್ದು ಬೆಳಗಿನ ಜಾವಕ್ಕೇ ಕೇಳತೊಡಗಿತು. ಅಷ್ಟರಲ್ಲಿ ಎರಡು ಸಾವಿರದ ಇಪ್ಪತ್ತಾರರ ಕ್ಯಾಲೆಂಡರ್ ಬಂತು. ಎರ್ರಮ್ಮ ಅದನ್ನು ತಿರುವಿ ಹಾಕಿ ಮತ್ತೆ ನನ್ನ ಕಿಟಕಿಗೆ ಬಂದಳು.

"ಈ ವರ್ಷ ಮತ್ತ ಅಧಿಕ ಐತಿ ಅನುಸೂಯಾ! ದೀಪಾವಳಿ ನವೆಂಬರಿಗೆ ಹೋಗೇತಿ. ಹದಿಮೂರು ಪಗಾರ. ತಿಂಗಳಿಗೆ ನೂರು ರೂಪಾಯಿ ಉಳೀತು, ಅದೂ ಪಲ್ಲವಿ ಖಾನಿಗೇ."

ನಾನೂ ಮಂಗನ ಹಾಗೆ ನಕ್ಕೆ. ಅಧಿಕ ಮಾಸ ಹಬ್ಬವನ್ನು ಹಿಂದೆ ತಳ್ಳುತ್ತದೆ ಎಂಬುದು ಆಕೆಗೆ ಕಂಡಿತು. ಅಳಿಯನನ್ನು ಮುಂದೆ ತಳ್ಳುತ್ತದೆ ಎಂಬುದು ಕಾಣಲಿಲ್ಲ. ಹೋದ ಅಧಿಕದಲ್ಲಿ ಆಕೆ ಬರೀ ಹೆಂಡತಿ, ಬರೀ ತಾಯಿ. ಈ ಅಧಿಕದಲ್ಲಿ ಅತ್ತೆ. ಲೆಕ್ಕ ಸರಿಯಾಗಿಯೇ ಇತ್ತು, ಲೆಕ್ಕ ಹಾಕುವವಳು ಬೇರೆಯಾಗಿದ್ದಳು.

ಪಲ್ಲವಿ ಒಳ್ಳೆ ಅಂಕ ತೆಗೆದಳು. ಕಾಲೇಜಿನವರು ಸೀಟು ಕೊಡುತ್ತೇವೆ, ಕಂತು ಕಟ್ಟಿ ಎಂದರು. ಮೇ ಹದಿನೇಳಕ್ಕೆ ಅಧಿಕ ಜ್ಯೇಷ್ಠ ಹಿಡಿಯಿತು. ಒಂದೆರಡು ದಿನಕ್ಕೆ ಎದುರುಮನೆಯವರ ಅಳಿಯ ಹೋಳಿಗೆ ಬುಟ್ಟಿ ಹಿಡಿದುಕೊಂಡು ಹೋಗುವುದನ್ನು ನೋಡಿದಾಗಲೇ ಎರ್ರಮ್ಮನಿಗೆ ತಾನೂ ಈಗ ಅತ್ತೆ ಎಂಬುದು ಹೊಳೆದದ್ದು. ಆದರೂ ಧೈರ್ಯ ತಂದುಕೊಂಡಳು. ಹೋಳಿಗೆ ಮನೆಯಲ್ಲೇ ಆಗುತ್ತದೆ, ಹಿತ್ತಾಳೆಯ ದೀಪ ಒಂದು ಜೋಡಿ, ಅಳಿಯನಿಗೊಂದು ಪಂಚೆ ಶಲ್ಯ, ಕಾವ್ಯಳಿಗೊಂದು ಸಾದಾ ಸೀರೆ. ಪಂಚಮಿಯ ಹಳದಿ ಖಾನೆಯಲ್ಲಿ ಇದ್ದದ್ದು ಇದಕ್ಕೆ ಸಾಕಾಗುತ್ತಿತ್ತು. ಈ ಸಲ ಪಂಚಮಿಗೆ ಮಗಳಿಗೆ ಸೀರೆ ಇಲ್ಲ ಅಂದರಾಯಿತು. ನಾನೂ ಹೌದೆಂದೆ.

ಆಮೇಲೆ ಕಾವ್ಯ ಬಂದಳು. ಫೋನಿಲ್ಲ, ಏನಿಲ್ಲ, ಕಂಪ್ಲಿ ಬಸ್ಸಿಳಿದು ಒಬ್ಬಳೇ ಉರಿಬಿಸಿಲಲ್ಲಿ ನಡೆದು ಬಂದಳು. ಮುಖ ಬಾಡಿತ್ತು. ನಾನು ಅಲ್ಲೇ ಎರ್ರಮ್ಮನ ಕಟ್ಟೆಯ ಮೇಲಿದ್ದೆ. ಅವಳು ನೀರೂ ಕುಡಿಯಲಿಲ್ಲ.

"ಯವ್ವಾ, ನೀ ಹಿತ್ತಾಳಿ ದೀಪ ಕೊಡ್ತೀಯಂತ ಫೋನಿನಾಗ ಅಂದೀಯಲ್ಲ, ನಮ್ಮತ್ತಿ ಕೇಳಿಸಿಕೊಂಡಾಳ. ದೊಡ್ಡ ನೆಗೆಣ್ಣಿ ತವರಿಂದ ಬೆಳ್ಳಿ ಹರಿವಾಣ ಬಂದೈತಿ. ನಡುವಿನಾಕಿಗೆ ಬೆಳ್ಳಿ ದೀಪದ ಸಮೆ ಬಂದಾವ. ದೇವ್ರ ಜಗಲಿ ಮ್ಯಾಲ ಸಾಲಿಗೆ ಇಟ್ಟಾರ. ನಂದು ಅಂತ ಜಾಗ ಬಿಟ್ಟಾರ ಬೇ."

"ತಿಪ್ಪೇಶಪ್ಪ ಏನಂತಾರ?"

"ಅವ್ರು ನನಗೇನೂ ಬ್ಯಾಡ ಅಂತಾರ. ಅವ್ರ ಮಾತು ಯಾರು ಕೇಳ್ತಾರ?" ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಎರಡು ವರ್ಷಾತು, ಮಗು ಆಗಿಲ್ಲ. ದಿನಾ ಅದನ್ನ ಕೇಳ್ತೀನಿ. ಇನ್ನ ಇದನ್ನೂ ಕೇಳಬೇಕು ಅಂದ್ರ ನನ್ನ ಕೈಲಿ ಆಗಂಗಿಲ್ಲ ಯವ್ವಾ. ಹಿತ್ತಾಳಿ ಕೊಡೋದಿದ್ರ ನಮ್ಮನ್ನ ಕರೀಬ್ಯಾಡ್ರಿ. ಕರೀದಿದ್ರ ಬಡವ್ರು ಅಂತಾರ. ಕರೆದು ಹಿತ್ತಾಳಿ ಕೊಟ್ರ ನಾನು ಅಷ್ಟಕ್ಕ ಬಾಳ್ತೀನಿ ಅಂತಾರ."

ಎರ್ರಮ್ಮ ಕೂತಲ್ಲೇ ಕೂತಿದ್ದಳು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂತು, ಪಲ್ಲವಿ ಓಡಿ ಬಂದು ಅದನ್ನು ತೆಗೆದಳು. ಅವಳೂ ಎಲ್ಲ ಕೇಳಿಸಿಕೊಂಡಿದ್ದಳು.

ಬೆಳ್ಳಿಯ ಬೆಲೆ ಹುಚ್ಚು ಹಿಡಿದವರ ಹಾಗೆ ಏರಿದ ಕಾಲ. ಒಂದು ಜೋಡಿ ಸಣ್ಣ ಬೆಳ್ಳಿ ದೀಪ, ಬಟ್ಟೆ, ಹೋಳಿಗೆ, ಊಟ ಎಲ್ಲ ಸೇರಿ ಮೂವತ್ತನಾಲ್ಕು ಸಾವಿರ ಎಂದಾಯಿತು. ಕೆಂಪು ಖಾನೆಯಲ್ಲಿ ದೀಪಾವಳಿಯದು ಏಳು ಪಗಾರದ್ದು ಇತ್ತು, ಎಂಟು ಸಾವಿರದ ನಾನೂರು. ಬಿಳಿ, ಕಂದು ಎರಡೂ ಫೆಬ್ರವರಿಯಲ್ಲಷ್ಟೇ ಖಾಲಿಯಾಗಿ ಮತ್ತೆ ತುಂಬಲು ಹತ್ತಿದ್ದವು, ತಳ ಮುಚ್ಚುವಷ್ಟೂ ಇರಲಿಲ್ಲ. ಹಳದಿಯನ್ನೂ ಸೇರಿಸಿದರೂ ಅರ್ಧಕ್ಕೆ ಮುಟ್ಟಲಿಲ್ಲ. ತುಂಬಿದ್ದ ಖಾನೆ ಒಂದೇ, ಹಸಿರು.

ದಾರಿ ಹುಡುಕಲಿಲ್ಲವೆಂದಲ್ಲ. ಸಂಘದಲ್ಲಿ ಮದುವೆಯ ಸಾಲ ತೀರುವವರೆಗೆ ಇನ್ನೊಂದು ಕೊಡುವುದಿಲ್ಲ. ಅಡ ಇಡಲು ಬೆಂಡೋಲೆ ಈಗ ಕಂಪ್ಲಿಯಲ್ಲಿದೆ. ಓದಿನ ಸಾಲ ಕೇಳಲು ಬ್ಯಾಂಕಿಗೆ ಹೋದರೆ ಮೊದಲು ಕಾಲೇಜಿಗೆ ಸೇರಿದ ಪತ್ರ ತನ್ನಿ ಎಂದರು. ಕಾಲೇಜಿಗೆ ಹೋದರೆ ಮೊದಲು ಕಂತು ಕಟ್ಟಿ, ಪತ್ರ ಕೊಡುತ್ತೇವೆ ಎಂದರು. ಅರ್ಧ ಕಟ್ಟುತ್ತೇವೆ ಅಂದದ್ದಕ್ಕೆ ಗುಮಾಸ್ತ ಇವರ ಹಿಂದೆ ನಿಂತ ಸಾಲನ್ನು ತೋರಿಸಿದನಂತೆ. ಯಾರ್ಡಿನ ಮಾಲೀಕ ಗಾದಿಲಿಂಗಪ್ಪನಿಗೆ ಮುಂಗಡ ಕೊಡಲಿಲ್ಲ. ನನ್ನ ಹತ್ತಿರ ಐದು ಸಾವಿರವಿತ್ತು, ತಗೊಂಡು ಹೋಗಿ ಇಟ್ಟೆ. ಎರ್ರಮ್ಮ ಅದನ್ನು ನನ್ನ ಮಡಿಲಿಗೇ ಹಾಕಿ, "ನಿನ್ನ ಗುಳಿಗಿ ರೊಕ್ಕ ಇದು" ಅಂದಳು.

ಆಗ ನನಗೆ ಸಿಟ್ಟು ನೆತ್ತಿಗೇರಿತು. "ಹಸಿರು ಖಾನಿ ಮುಟ್ಟಿದ್ರ ನೋಡು! ಒಂದರ ರೊಕ್ಕ ಇನ್ನೊಂದಕ್ಕ ಮುಟ್ಟಬ್ಯಾಡ್ರಿ ಅಂತ ಆ ಹುಡುಗಿ ಹೇಳಿದ್ದು ಮರ್ತೆಯೇನು? ಜಗಲಿ ಮ್ಯಾಲ ಸಾಲಿಗೆ ಇಡಾಕ ಬೆಳ್ಳಿ ಬೇಕಂತ! ಅವರ ಮನಿ ಜಗಲಿಗೆ ಬೆಂಕಿ ಬೀಳ್ಲಿ. ಪಲ್ಲವಿ ಓದಿದ್ರ ಜೀವನಪೂರ್ತಿ ತನ್ನ ಕಾಲ ಮ್ಯಾಲ ನಿಲ್ತಾಳಲ್ಲಕ್ಕ!"

"ನಿನಗ ಹೆಣ್ಣುಮಕ್ಕಳಿಲ್ಲ ಅನುಸೂಯಾ. ಕೊಟ್ಟ ಮನಿಯಾಗ ಮಗಳು ಕುಂತು ಅಳೋದು ನಿನಗ ಗೊತ್ತಿಲ್ಲ. ಫೀಸಿಗೆ ಮುಂದಿನ ವರ್ಷ ಐತಿ. ಕಾವ್ಯಗ ಇಲ್ಲ."

ನನಗೆ ಮಕ್ಕಳೇ ಇಲ್ಲ. ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಎದ್ದು ಬಂದು ಕಿಟಕಿ ಮುಚ್ಚಿದೆ. ಗಾದಿಲಿಂಗಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಅವನೊಂದು ಮಾತಾಡಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ, ಅವನು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವಳು ಪಲ್ಲವಿ. ಮುಚ್ಚಿದ ಕಿಟಕಿಯಿಂದಲೂ ಕೇಳಿಸಿತು. "ತಗೋ ಬೇ. ನಾನು ಮುಂದಿನ ವರ್ಷ ಸೇರ್ತೀನಿ. ಅಕ್ಕನ್ನ ಅಳಸಬ್ಯಾಡ." ಎಷ್ಟು ಸಲೀಸಾಗಿ ಹೇಳಿದಳು ಅಂದರೆ, ಅಂಗಡಿಯಿಂದ ಉಪ್ಪು ತರುತ್ತೇನೆ ಅಂದ ಹಾಗೆ.

ಜೂನ್ ಏಳರ ಭಾನುವಾರ ಅಳಿಯ ಮಗಳು ಬಂದರು, ಜೊತೆಗೆ ಅಳಿಯನ ತಾಯಿಯೂ. ನನ್ನನ್ನೂ ಕರೆದರು, ಪಲ್ಲವಿ ಬಂದು ಕೈಹಿಡಿದು ಎಳೆದಳೆಂದು ಹೋದೆ. ಹರಿವಾಣದಲ್ಲಿ ಮೂವತ್ತಮೂರು ಹೋಳಿಗೆ ಜೋಡಿಸಿದ್ದು ಪಲ್ಲವಿಯೇ. ಪಕ್ಕದಲ್ಲಿ ಬೆಳ್ಳಿ ದೀಪದ ಜೋಡಿ. ತಿಪ್ಪೇಶನ ತಾಯಿ ಅವನ್ನು ಎತ್ತಿ, ಕೈಯಲ್ಲೇ ತೂಗಿ ನೋಡಿ, "ಚೊಲೋ ಅದಾವ" ಅಂದರು. ಕಾವ್ಯಳ ಮುಖ ಅಂದು ತಿಳಿಯಾಗಿತ್ತು. ಎಷ್ಟೋ ದಿನದ ಮೇಲೆ ಆ ಹುಡುಗಿ ನಕ್ಕಳು, ಅದನ್ನು ನೋಡಿ ನನಗೂ ಏನೂ ಅನ್ನಲು ಬಾಯಿ ಬರಲಿಲ್ಲ. ಅವಳದೂ ತಪ್ಪೇನಿದೆ?

ಊಟಕ್ಕೆ ಕೂತಾಗ ತಿಪ್ಪೇಶ್, ಪಾಪ, ಪ್ರೀತಿಯಿಂದಲೇ ಕೇಳಿದ. "ಪಲ್ಲವಿ, ಯಾವ ಕಾಲೇಜು ಆತು?"

ಎರ್ರಮ್ಮನ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಹಾಗೇ ನಿಂತಿತು.

"ಈ ವರ್ಷ ಬ್ಯಾಡ ಅನಿಸ್ತ್ರಿ ಮಾವ. ಓದಿ ಓದಿ ಸಾಕಾಗೇತಿ. ಇನ್ನೊಂದು ಹೋಳಿಗಿ ಹಾಕ್ಲ್ಯಾ?"

ತಿಪ್ಪೇಶನ ತಾಯಿ ತಲೆದೂಗಿದರು. "ಹೌದು ಬಿಡು, ಹುಡುಗಿ ಮನಿಗೆಲಸದಾಗ ಚುರುಕ ಅದಾಳ. ಸಂಡೂರಾಗ ನಮ್ಮ ತಂಗಿ ಮಗ ಅದಾನ್ರಿ ಎರ್ರಮ್ಮ, ಮೈನ್ಸ್ ಆಫೀಸಿನಾಗ. ಅಧಿಕ ಕಳೀಲಿ, ಮಾತಾಡಾಣ." ಎರ್ರಮ್ಮ ಎಲೆಗಳಿಗೆ ತುಪ್ಪ ಬಡಿಸುತ್ತ ಹೋದಳು. ಸಂಜೆ ಎಲ್ಲರೂ ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕೈಮುಗಿದು ಬಂದರು. ಬಜಾರಿನ ಕಲ್ಲುಮಂಟಪದ ಮುಂದೆ ಫೋಟೋ ತೆಗೆದದ್ದು ಪಲ್ಲವಿ, ಹಾಗಾಗಿ ಅದರಲ್ಲಿ ಅವಳಿಲ್ಲ.

ಜೂನ್ ಹತ್ತು ಬುಧವಾರ, ಕಾಲೇಜಿನ ಕಂತಿಗೆ ಕೊನೆಯ ದಿನ. ನಾನು ಮಷೀನು ತುಳಿಯಲೇ ಇಲ್ಲ. ಪಲ್ಲವಿ ಕಟ್ಟೆಯ ಮೇಲೆ ಕೂತು ಕೊತ್ತಂಬರಿ ಸೋಸುತ್ತಿದ್ದಳು. ಸಂಜೆ ಕಾಲೇಜು ಮುಚ್ಚುವ ಹೊತ್ತಿಗೆ ಅವಳು ಎದ್ದು ಹಿತ್ತಲಿಗೆ ಹೋದಳು, ತುಂಬ ಹೊತ್ತು ನಲ್ಲಿಯ ನೀರು ಬಿಟ್ಟ ಸದ್ದು ಕೇಳಿಸಿತು. ನಾನು ಕಿಟಕಿಯಲ್ಲಿ ನಿಂತು ಅತ್ತೆ, ನಾಚಿಕೆಯೇನು ಬಂತು.

ಮುಂದಿನ ವಾರವೇ ಅವಳು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸಕ್ಕೆ ಸೇರಿದಳು, ತಿಂಗಳಿಗೆ ಒಂಬತ್ತು ಸಾವಿರ. ಒಂದು ವರ್ಷಕ್ಕೆ ಅಷ್ಟೇ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಸಂಡೂರಿನ ಹುಡುಗನ ಕಡೆಯಿಂದ ಎರಡು ಸಲ ಫೋನು ಬಂತು. ಎರ್ರಮ್ಮ ನನ್ನ ಹತ್ತಿರ ಮಾತು ಶುರು ಮಾಡಿದಳು, ನಾನೂ ಕಿಟಕಿ ತೆರೆದೆ. ಆದರೆ ಸಂಚಿಯ ಮಾತು ನಾವಿಬ್ಬರೂ ಎತ್ತಲಿಲ್ಲ.

ಜೂನ್ ತಿಂಗಳ ಕೊನೆಯ ದಿನ ಪಲ್ಲವಿ ಅಂಗಡಿಯಿಂದ ನೇರ ನನ್ನ ಮನೆಗೆ ಬಂದಳು. ಅಷ್ಟು ಹೊತ್ತು ನಿಂತೇ ಇದ್ದವಳ ಕಾಲು ಊದಿತ್ತು. ಸೊಂಟದಿಂದ ಸಂಚಿ ತೆಗೆದು ಮಷೀನಿನ ಮೇಲೆ ಬಿಚ್ಚಿದಳು.

"ಆಂಟಿ, ನಾಳೆ ಅಪ್ಪನ ಪಗಾರ. ಅದಕ್ಕೂ ಮುಂಚೆ ಒಂದು ಹೊಲಿಗಿ ಹಾಕಿ ಕೊಡ್ರಿ. ಮುಂದಿನ ಅಧಿಕ ಇಪ್ಪತ್ತೊಂಬತ್ತರ ಮಾರ್ಚಿಗೆ ಬರ್ತೈತಿ, ಯುಗಾದಿಗೂ ಮುಂಚೆ. ನಾಳಿಂದ ಎಣಿಸಿದ್ರ ಮೂವತ್ತಮೂರು ಪಗಾರ. ಈ ಸಲ ಮೂವತ್ತನಾಲ್ಕು ಆತು, ಮುಂದ ಬೆಲೆ ಏರ್ತೈತಿ, ನಲವತ್ತು ಅಂತ ಹಿಡಿದೀನಿ. ತಿಂಗಳಿಗೆ ಸಾವಿರದ ಇನ್ನೂರ ಹದಿಮೂರು ಇಟ್ರ ಯವ್ವ ಯಾರ ಖಾನಿಗೂ ಕೈ ಹಾಕಬೇಕಾಗಿಲ್ಲ."

ಲೆಕ್ಕ ಚೊಕ್ಕವಾಗಿತ್ತು. ಅವಳ ತಾಯಿ ಈ ಲೆಕ್ಕವನ್ನು ಕಾವ್ಯಳ ಮದುವೆಯಾದಾಗಲೇ ಹಾಕಿದ್ದರೆ ಸಾಕಿತ್ತು.

"ಚೊಲೋ ಆತು. ಆರನೇ ಖಾನಿ ಹೊಲೀತೀನಿ. ಯಾವ ಬಣ್ಣ ಬೇಕು ಹೇಳು" ಎಂದು ಬಟ್ಟೆಯ ತುಂಡಿಗೆ ಕೈಹಾಕಿದೆ.

"ಹೊಸಾದು ಬ್ಯಾಡ್ರಿ. ಹಸಿರಿನಾಗ ಮಿಕ್ಕಿದ್ದು ಸಂಘದ ಸಾಲಕ್ಕ ಹೋತು, ಖಾನಿ ಖಾಲಿ ಐತಲ್ಲ, ದೊಡ್ಡದೂ ಐತಿ. ಅದರ ನಡುವಿಗೆ ಒಂದು ಹೊಲಿಗಿ ಹಾಕ್ರಿ, ಎರಡು ಆಗ್ಲಿ."

"ಎರಡು ಯಾಕ?"

ಅವಳು ನನ್ನ ಮುಖ ನೋಡಲಿಲ್ಲ, ಸಂಚಿಯ ಅಂಚನ್ನು ನೆಟ್ಟಗೆ ಎಳೆಯುತ್ತಿದ್ದಳು. "ಅಷ್ಟೊತ್ತಿಗೆ ಯವ್ವಗ ಇಬ್ಬರು ಅಳಿಯಂದ್ರು ಆಗಿರ್ತಾರಲ್ರಿ. ಎಂಬತ್ತು ಸಾವಿರ ಬೇಕು. ಈಗಿಂದ ಇಡದಿದ್ರ ಮತ್ತ ಯಾರದಾರ ಹಸಿರು ಖಾನಿ ಬಿಚ್ಚಬೇಕಾಗ್ತೈತಿ. ನಮ್ಮ ಮನಿಯಾಗ ಇನ್ನ ಯಾರದೂ ಉಳಿದಿಲ್ಲ."

"ಏ ಹುಚ್ಚಿ! ನೀ ಮುಂದಿನ ವರ್ಷ ಸೇರ್ತೀನಿ ಅಂದಿದ್ದೀಯಲ್ಲ? ನಾ ಹೊಲಿಯಂಗಿಲ್ಲ, ತಗೊಂಡು ನಡಿ ಇಲ್ಲಿಂದ!" ಎಂದು ಸಂಚಿಯನ್ನು ಅವಳ ಮೇಲೆ ಎಸೆದೆ. ಅಂಥ ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

ಅವಳು ಸುಮ್ಮನೆ ಅದನ್ನು ಎತ್ತಿಕೊಂಡಳು. ನನ್ನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ ಮಷೀನಿಗೆ ಕೂತಳು. ನಾನೇ ಕಲಿಸಿದ ಕೈ. ಹಸ್ತ ಅಡ್ಡ ಇಟ್ಟು ನಡುವನ್ನು ಗುರುತು ಮಾಡಿಕೊಂಡು, ಸೂಜಿ ಇಳಿಸಿ, ಒಂದೇ ಉಸಿರಿಗೆ ಮೇಲಿನಿಂದ ಕೆಳಗೆ ಹೊಲಿಗೆ ಹಾಕಿದಳು. ಸ್ವಲ್ಪವೂ ಡೊಂಕಾಗಲಿಲ್ಲ. "ಪ" ಅಕ್ಷರ ಬಲಗಡೆಯ ಅರ್ಧಕ್ಕೆ ಬಂತು.

"ಎಡಕ್ಕ ಕಾ ಅಂತ ಹಾಕಿ ಕೊಡ್ರಿ ಆಂಟಿ, ಅಕ್ಷರದ ಕಸೂತಿ ನನಗ ಬರಂಗಿಲ್ಲ."

"ಆ ಪ ಬಿಚ್ಚಲ್ಯಾ?" ಎಂದು ಕೇಳಿದೆ.

"ಬ್ಯಾಡ, ಇರ್ಲಿ ಬಿಡ್ರಿ. ಪಲ್ಲವಿ ಗಂಡಂದು ಅಂತ ಓದಿಕೊಂಡ್ರಾತು."

ಕಾ ಎಂದು ಹಾಕಿ ಕೊಟ್ಟೆ. ಮರುದಿನ ಸಂಜೆ ಕಿಟಕಿಯಿಂದ ನೋಡಿದೆ. ಎರ್ರಮ್ಮ ಗಂಡನ ಪಗಾರ ಮುಂದಿಟ್ಟುಕೊಂಡು ಕೂತಿದ್ದಳು. ಬಿಳಿಗೆ ಇಟ್ಟಳು, ಕಂದಿಗೆ ಇಟ್ಟಳು, ಹಳದಿಗೆ, ಕೆಂಪಿಗೆ ಇಟ್ಟಳು. ಹಸಿರಿಗೆ ಕೈ ಹಾಕಿದವಳಿಗೆ ನಡುವಿನ ಹೊಲಿಗೆ ಬೆರಳಿಗೆ ತಗುಲಿತು. ಅದನ್ನು ಮೇಲಿಂದ ಕೆಳಗೆ ಸವರಿ ನೋಡಿ, ಮಗಳ ಕಡೆ ತಿರುಗಿದಳು. ಪಲ್ಲವಿ ಊದಿದ ಕಾಲುಗಳನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಿದ್ದಳು. "ಮೊದಲು ಅಕ್ಕಂದು ಇಡು ಬೇ" ಅಂದಳು. ಎರ್ರಮ್ಮ ಎಣಿಸಿ ಎಡಕ್ಕೆ ಇಟ್ಟಳು. ಆಮೇಲೆ ಅಷ್ಟೇ ಎಣಿಸಿ "ಪ" ಇದ್ದ ಕಡೆಗೂ ಇಟ್ಟು, ದಾರ ಸುತ್ತಿ ಕಟ್ಟಿದಳು.